ಏರದ ಹುಬ್ಬು

ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ರತ್ನ ಬಂಗಾರಪೇಟೆಯ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಚೀಟಿ ಬರೆಯುವ ಮೇಜಿನ ಪಕ್ಕ ಒಂದು ಟ್ಯಾಬ್ಲೆಟ್ ನಿಲ್ಲಿಸಿ ಅದರ ವೈರನ್ನು ಸ್ಟೂಲಿನ ಕಾಲಿಗೆ ಸುತ್ತಿದಳು. ಪರದೆಯ ಮೇಲೆ ನಲವತ್ತರ ಆಸುಪಾಸಿನ ಹೆಂಗಸಿನ ಬೊಂಬೆ. ನರ್ಸ್ ಒಂದು ಗುಂಡಿ ಒತ್ತಿದರೆ ಆ ಹೆಂಗಸು ಕೈಸನ್ನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದಳು. ಒಟ್ಟು ನಲವತ್ತು ಪ್ರಶ್ನೆಗಳು. ಕಿವಿ ಕೇಳದ ತಾಯಿ ಮಗುವನ್ನೆತ್ತಿಕೊಂಡು ಬಂದರೆ, ಸನ್ನೆ ಬಲ್ಲವರು ಯಾರೂ ಇಲ್ಲದಿದ್ದರೂ ಮಗುವಿಗೆ ಏನಾಗಿದೆಯೆಂದು ಕೇಳಿ ತಿಳಿಯಲೆಂದು ಒಂದು ಟ್ರಸ್ಟಿನವರು ಮಾಡಿಸಿದ್ದು ಇದನ್ನು.

"ಇದೊತ್ತಿದ್ರೆ ಜ್ವರ, ಇದೊತ್ತಿದ್ರೆ ಬೇದಿ. ಅಷ್ಟೇನಾ?" ಎಂದು ಕೇಳಿದಳು ನರ್ಸ್ ಮಂಗಮ್ಮ.

"ಅಷ್ಟೇ ಸಿಸ್ಟರ್. ಅವ್ರು ತಲೆ ಆಡ್ಸಿದ್ರೆ ಔದು, ಅಡ್ಡಡ್ಡ ಆಡ್ಸಿದ್ರೆ ಇಲ್ಲ."

ರತ್ನಳ ಪೂರ್ತಿ ಹೆಸರು ವೆಂಕಟರತ್ನಮ್ಮ. ವಯಸ್ಸು ಮೂವತ್ತೊಂದು. ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆಯಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕಂಪ್ಯೂಟರುಗಳ ಒಂದು ಆಫೀಸು. ಅದು ಆರುಮುಗಂನದು. ಅವನು ಬೊಂಬೆಗಳನ್ನು ಕುಣಿಸುವವನು, ಅಂದರೆ ಆನಿಮೇಟರ್. ರತ್ನ ಆ ಬೊಂಬೆಗಳಿಗೆ ಮುಖ ಕೊಡುವವಳು. ಬ್ಲೆಂಡರ್ ಎಂಬ ಪ್ರೋಗ್ರಾಮಿನಲ್ಲಿ ಭಾವವಿಲ್ಲದ ಒಂದು ಮುಖವಿಟ್ಟುಕೊಂಡು, ಅದರ ಸಾವಿರಾರು ಚುಕ್ಕಿಗಳಲ್ಲಿ ಬೇಕಾದವನ್ನು ಎಳೆದು ನಗುವಿಗೊಂದು ರೂಪ, ಹುಬ್ಬೇರಿಸುವುದಕ್ಕೊಂದು ರೂಪ, ಕಣ್ಣು ಅಗಲಿಸುವುದಕ್ಕೊಂದು ರೂಪ ಎಂದು ಬೇರೆಬೇರೆ ಮಾಡಿಡುತ್ತಿದ್ದಳು. ಒಂದೊಂದು ರೂಪಕ್ಕೂ ಶೇಪ್ ಕೀ ಎಂದು ಹೆಸರು. ಪ್ರತಿ ಕೀಗೂ ಒಂದು ಅಂಕಿ. ಸೊನ್ನೆಯಿದ್ದರೆ ಭಾವವೇ ಇಲ್ಲ, ಒಂದಾದರೆ ಪೂರ್ತಿ ಭಾವ, ನಡುವೆ ಇದ್ದರೆ ಅಷ್ಟಷ್ಟು. ಆ ಅಂಕಿಗಳನ್ನು ಕೈಯಲ್ಲಿ ಬರೆಯುತ್ತ ಕೂತರೆ ಕೆಲಸ ಮುಗಿಯದು. ಅದಕ್ಕೆ ಡ್ರೈವರ್ ಹಾಕುತ್ತಿದ್ದಳು. ಹುಬ್ಬಿನ ಮೇಲಿರುವ ಪುಟ್ಟ ಮೂಳೆಯೊಂದನ್ನು ಆರುಮುಗಂ ಮೇಲಕ್ಕೆಳೆದರೆ ಆ ಕೀಯ ಅಂಕಿ ತಾನಾಗಿ ಏರಬೇಕು. ಅದು ಡ್ರೈವರಿನ ಕೆಲಸ.

ಸನ್ನೆ ಭಾಷೆಯಲ್ಲಿ ಮುಖವೆಂಬುದು ಅಲಂಕಾರವಲ್ಲವೆಂದು ರತ್ನಳಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ಮುನಿಗಂಗಮ್ಮನಿಗೆ ಹುಟ್ಟುಕಿವುಡು. ತೊಂಬತ್ತರ ದಶಕದಲ್ಲಿ ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಅವಳನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸಿದ್ದ. ರಜೆಗೆ ಬಂದಾಗಲೆಲ್ಲ ಗಂಗಕ್ಕ ತಂಗಿಗೆ ಸನ್ನೆ ಕಲಿಸಿದಳು. 'ಊಟ', 'ಆಯಿತು' ಎಂದು ಕೈ ತೋರಿಸಿದರೆ ಊಟವಾಯಿತು ಎಂದರ್ಥ. ಅದೇ ಕೈಗೆ ಹುಬ್ಬೇರಿಸಿ, ಕಣ್ಣರಳಿಸಿ, ತಲೆಯನ್ನು ಮುಂದಕ್ಕೆ ಚಾಚಿದರೆ ಊಟವಾಯಿತೇ ಎಂದು ಕೇಳಿದಂತೆ.

ಗಂಗಕ್ಕನ ಚೊಚ್ಚಲ ಮಗು ಹತ್ತು ತಿಂಗಳಿಗೆ ತೀರಿಕೊಂಡಿತ್ತು. ಜ್ವರವೆಂದು ಊರೂರು ಅಲೆದು ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿ ಕೇಳಿದ್ದು ಅವಳಿಗೆ ತಿಳಿಯಲಿಲ್ಲ, ಅವಳು ಹೇಳಿದ್ದು ಅವರಿಗೆ ತಿಳಿಯಲಿಲ್ಲ, ಬರೆದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಟ್ರಸ್ಟಿನ ಕೆಲಸ ಬಂದಾಗ ಬೇರೆಲ್ಲ ಬಿಟ್ಟು ರತ್ನ ಇದನ್ನು ಹಿಡಿದದ್ದು ಅದಕ್ಕೇ.

ಮೊದಲ ಬೊಂಬೆಯನ್ನು ಗಂಗಕ್ಕನೇ ನೋಡಿ ಒಪ್ಪಿದ್ದಳು. ಆದರೆ ಕೊನೇ ಗಳಿಗೆಯಲ್ಲಿ ಟ್ರಸ್ಟಿನವರು, ಹುಡುಗಿ ತೀರಾ ಪಟ್ಟಣದವಳಂತಿದ್ದಾಳೆ, ಹಳ್ಳಿಯ ತಾಯಂದಿರು ನಂಬುವಂಥ ಮುಖ ಮಾಡಿಕೊಡಿ ಎಂದರು. ಮುಖ ಹೊಸದಾದರೆ ಹಳೆಯ ಕೀಗಳು ಬರುವುದಿಲ್ಲ. ರತ್ನ ನಾಲ್ಕೇ ದಿನಗಳಲ್ಲಿ ಎಲ್ಲ ಕೀಗಳನ್ನೂ ಮತ್ತೆ ಕೆತ್ತಿ, ಎಲ್ಲ ಡ್ರೈವರ್‌ಗಳನ್ನೂ ಮತ್ತೆ ಹಾಕಿದಳು. ಅಕ್ಕನಿಗೆ ತೋರಿಸಲು ಸಮಯವಾಗಲಿಲ್ಲ. ಕೈಸನ್ನೆಗಳು ಹಳೆಯವೇ ತಾನೇ ಎಂದುಕೊಂಡಳು.

ಆಸ್ಪತ್ರೆಯ ಕೆಲಸ ಮುಗಿಸಿ ಅವಳು ಸ್ಟೇಷನ್ ರಸ್ತೆಯಲ್ಲಿದ್ದ ಅಕ್ಕನ ಹೊಲಿಗೆ ಅಂಗಡಿಗೆ ಬಂದಳು. ಗಂಗಕ್ಕ ಮಷೀನು ನಿಲ್ಲಿಸಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ಕೈಯಲ್ಲೇ ಕೇಳಿದಳು: "ಹೊಸ ಮುಖ ತೋರಿಸು."

"ಸಂಜೆ ತೋರಿಸ್ತೀನಿ. ಫೋನಲ್ಲಿಲ್ಲ," ಎಂದು ರತ್ನ ಕೈಯಾಡಿಸಿದಳು. ಫೋನಿನಲ್ಲಿತ್ತು. ಅಕ್ಕ ಏನಾದರೂ ತಪ್ಪು ಹಿಡಿದರೆ ಇವತ್ತೊಂದು ದಿನದ ನೆಮ್ಮದಿಯೂ ಹಾಳಾಗುತ್ತದೆಂದು ಅವಳಿಗೆ ಅಳುಕು.

ಕಾಫಿ ಮುಗಿಯುವ ಮೊದಲೇ ಮಂಗಮ್ಮನ ಫೋನು ಬಂತು.

"ಏನಮ್ಮಾ, ನಿನ್ ಬೊಂಬೆ ಏನೇಳ್ತು ಆಯಮ್ಮಂಗೆ?"

"ಯಾವಮ್ಮ ಸಿಸ್ಟರ್?"

"ಮಾರಿಯಮ್ಮ ಅಂತ, ಮೂಗಿ. ಮಾರಿಕುಪ್ಪಂ ಕಡೆಯೋಳು. ಎಂಟು ತಿಂಗಳ ಎಣ್ಣುಮಗು. ಮೂರು ದಿನದಿಂದ ಬೇದಿ, ಕಣ್ಣೆಲ್ಲ ಒಳಕ್ಕೋಗ್ಬುಟ್ಟದೆ. ಡ್ರಿಪ್ ಆಕ್ಬೇಕು ಅಂತ ಡಾಕ್ಟ್ರು ಏಳಿದ್ರು. ನಾನು ನಾಕೈದು ಗುಂಡಿ ಒತ್ದೆ. ಅದ್ಯಾವುದೋ ನೋಡಿದೋಳೇ ಬಿಳುಚ್ಕೊಂಡು, ಮಗೂನ ಎದೆಗವಚ್ಕೊಂಡು ಓಗ್ಬುಟ್ಲು. ಕೂಗಿದ್ರೆ ಕೇಳ್ಸಲ್ವಲ್ಲ! ಗೇಟತ್ರ ಓಡೋಗಿ ನೋಡೋಷ್ಟ್ರಲ್ಲಿ ಆಳೇ ಇಲ್ಲ."

"ಕೊನೇಗೆ ಯಾವ್ದು ಒತ್ತಿದ್ರಿ? ನಂಬರ್ ಎಷ್ಟು?"

"ಇಪ್ಪತ್ತಾರು."

ಇಪ್ಪತ್ತಾರನೆಯ ಪ್ರಶ್ನೆ, ಮನೆಯಲ್ಲಿ ಈ ಮೊದಲು ಮಕ್ಕಳು ತೀರಿಕೊಂಡಿದ್ದುಂಟೇ ಎಂಬುದು. ರತ್ನ ಕರೆ ಮುಗಿಸಿ ಅದೇ ಫೋನಿನಲ್ಲಿ ಇಪ್ಪತ್ತಾರನ್ನು ಹಾಕಿ ಅಕ್ಕನ ಮುಂದೆ ಹಿಡಿದಳು. ಪರದೆಯ ಹೆಂಗಸು ತಲೆ ಮುಂದಕ್ಕೆ ಚಾಚಿ ಮೂರು ಸನ್ನೆ ಮಾಡಿದಳು: ಮನೆ. ಮಗು. ಸಾವು. ಅವಳ ಹುಬ್ಬು ಅಲುಗಲಿಲ್ಲ. ಕಣ್ಣು ಇದ್ದಷ್ಟೇ ಇತ್ತು.

ಗಂಗಕ್ಕ ಫೋನನ್ನು ತಳ್ಳಿ ತಂಗಿಯ ಮುಖ ನೋಡಿದಳು. ಅವಳ ಕೈಗಳು ಮೆಲ್ಲಗೆ ಆಡಿದವು.

"ಇವಳು ಕೇಳ್ತಾ ಇಲ್ಲ. ಹೇಳ್ತಾ ಇದ್ದಾಳೆ. ಮನೆಗೆ ಕರ್ಕೊಂಡು ಹೋಗು, ಮಗು ಸಾಯುತ್ತೆ ಅಂತ."

ರತ್ನಳ ಕೈಯಿಂದ ಲೋಟ ಜಾರಿ ಹೊಲಿಯಲಿಟ್ಟಿದ್ದ ರವಿಕೆ ಬಟ್ಟೆಯ ಮೇಲೆ ಕಾಫಿ ಚೆಲ್ಲಿತು. ಯಾರೂ ಅದನ್ನು ಒರೆಸಲಿಲ್ಲ. ಗಂಗಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮಾರಿಕುಪ್ಪಂ ಕಡೆಯವಳಾದರೆ ರೈಲಿಗೇ ಹೋಗಿರಬೇಕು. ಇಬ್ಬರೂ ಸ್ಟೇಷನ್ನಿಗೆ ಓಡಿದರು. ಪ್ಲಾಟ್‌ಫಾರಂ ಉದ್ದಕ್ಕೂ ಮಗುವನ್ನೆತ್ತಿಕೊಂಡ ಹೆಂಗಸರನ್ನೆಲ್ಲ ರತ್ನ ಭುಜ ಹಿಡಿದು ತಿರುಗಿಸಿ ನೋಡಿದಳು. ಒಬ್ಬಾಕೆ ಬೈದಳು. ಕಡೆಗೆ ಟೀ ಮಾರುವವನು ಹೇಳಿದ: "ಅಸುರು ಸೀರೆ, ಮಗಾನ ಟವಲ್ನಾಗೆ ಸುತ್ಕೊಂಡಿದ್ಲಲ್ಲ, ಆಯಮ್ಮನಾ? ನಾನು ನೀರು ಬೇಕಾ ಅಂತ ಕೇಳಿದ್ರೆ ಮಾತೇ ಆಡ್ಲಿಲ್ಲ. ಮಾರಿಕುಪ್ಪಂ ಗಾಡಿ ಏರ್ಕೊಂಡ್ಲು. ಅದು ಒಂಟೋಗಿ ಕಾಲು ಗಂಟೆ ಆಯ್ತು."

ಈ ಸ್ಟೇಷನ್ನಿನಿಂದ ಮಾರಿಕುಪ್ಪಂಗೆ ರೈಲು ಮುಕ್ಕಾಲು ಗಂಟೆಯೊಳಗೆ ಸೇರುತ್ತದೆ. ಅದು ಕೊನೆಯ ನಿಲ್ದಾಣ. ಇಲ್ಲಿಂದ ಆಟೋ ಹಿಡಿದರೂ ಮೊದಲೇ ತಲುಪುವ ನಂಬಿಕೆಯಿಲ್ಲ. ಅಲ್ಲಿಳಿದು ಅವಳು ಯಾವ ಗಲ್ಲಿಗೆ ಹೋದಳೆಂದು ಯಾರನ್ನು ಕೇಳುವುದು? ರತ್ನ ಆರುಮುಗಂಗೆ ಫೋನು ಮಾಡಿದಳು. ಅವನು ರಾಬರ್ಟ್‌ಸನ್‌ಪೇಟೆಯಲ್ಲೇ ಇದ್ದ, ಬೈಕಿತ್ತು. ಅವಳು ಹೇಳಿದ್ದರಲ್ಲಿ ಅರ್ಧ ಅಳುವೇ ಇದ್ದರೂ ಅವನಿಗೆ ತಿಳಿಯಿತು.

"ಸರಿ ಸರಿ, ಅಳ್ಬೇಡ. ಅಸುರು ಸೀರೆ, ಎಣ್ಣುಮಗು. ಪೇರು ಮಾರಿಯಮ್ಮ. ನಾನ್ ಓಗ್ತೀನಿ. ಆದ್ರೆ ಆಯಮ್ಮನ ಅತ್ರ ಏನಂತ ಮಾತಾಡ್ಲಿ ನಾನು? ನಂಗೆ ಸನ್ನೆ ಬರಲ್ವೇ!"

"ವೀಡಿಯೋ ಕಾಲ್ ಮಾಡು ಅಣ್ಣಾ. ಗಂಗಕ್ಕ ಮಾತಾಡ್ತಾಳೆ. ಆಯಮ್ಮನ್ನ ಓಗಕ್ಕೆ ಮಾತ್ರ ಬಿಡ್ಬೇಡ."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅಕ್ಕತಂಗಿಯರು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕೂತರು. ಜೋಲಾರ್‌ಪೇಟೆ ಕಡೆಯ ಒಂದು ಗಾಡಿ ಬಂದು ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಯಿತು. ಗಂಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ರತ್ನಳಿಗೆ ಅಕ್ಕನ ಮುಖ ನೋಡಲು ಆಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಕ್ಕ ಬಿಳಿ ಬಟ್ಟೆ ಸುತ್ತಿದ ಮಗುವನ್ನು ಎತ್ತಿಕೊಂಡು ಬಸ್ಸಿನಿಂದ ಇಳಿದಾಗ ರತ್ನ ಪ್ರೈಮರಿ ಶಾಲೆಯ ಹುಡುಗಿ. ಆಗ ಅಕ್ಕನ ಮಾತು ತಿಳಿಯದವರನ್ನೆಲ್ಲ ಅವಳು ಶಪಿಸಿದ್ದಳು. ಇವತ್ತು ಒಬ್ಬ ತಾಯಿಗೆ ನಿನ್ನ ಮಗು ಸಾಯುತ್ತದೆ ಎಂದು ಅರ್ಥವಾಗುವಂತೆ, ಸ್ವಚ್ಛವಾಗಿ, ಅವಳ ಭಾಷೆಯಲ್ಲೇ ಹೇಳಿ ಕಳಿಸಿದವಳು ತಾನು.

ಫೋನು ಅಲುಗಿತು. ತೆರೆಯ ಮೇಲೆ ಮೊದಲು ಆಕಾಶ, ಆಮೇಲೆ ಯಾರದೋ ಮೊಣಕೈ, ಆಮೇಲೆ ಆರುಮುಗಂನ ಬೆವೆತ ಮುಖ. ಅವನ ಹಿಂದೆ ಗಲಾಟೆ.

"ಸಿಕ್ಕಿದ್ರು! ಆದ್ರೆ ನೋಡು, ಜನ ನನ್ನೇ ಇಡ್ಕೊಂಡವ್ರೆ! ಮಗು ಕಳ್ಳ ಅಂತಾವ್ರೆ! ಏ, ಯಪ್ಪಾ, ಬಿಡ್ರೋ, ಆಸ್ಪತ್ರೆಯೋರು ಲೈನ್ನಾಗವ್ರೆ!"

ಮಾರಿಕುಪ್ಪಂ ಸ್ಟೇಷನ್ನಿನ ಹೊರಗೆ ಅವನು ಮಾರಿಯಮ್ಮನ ದಾರಿಗೆ ಅಡ್ಡ ನಿಂತಿದ್ದ. ಅವಳು ಅವನ ಕೈ ಕಚ್ಚಿದ್ದಳು. ನಾಲ್ಕೈದು ಗಂಡಸರು ಅವನ ಶರ್ಟು ಹಿಡಿದಿದ್ದರು. ಅದೇ ಗದ್ದಲದಲ್ಲಿ ಅವನು ಫೋನನ್ನು ಅವಳ ಮುಖದ ಮುಂದೆ ಚಾಚಿದ. ತೆರೆಯ ಮೇಲೆ ಮಾರಿಯಮ್ಮ ಕಂಡಳು. ಇಪ್ಪತ್ತೈದೂ ದಾಟಿರದ ಹುಡುಗಿ. ಕೂದಲು ಹಣೆಗೆ ಅಂಟಿತ್ತು. ಎದೆಗವಚಿದ ಟವಲ್ಲಿನಿಂದ ಮಗುವಿನ ಒಂದು ಕೈ ಹೊರಗೆ ಜೋತಿತ್ತು.

"ಅಕ್ಕಾ," ಎಂದು ರತ್ನ ಫೋನನ್ನು ಗಂಗಕ್ಕನ ಎದುರು ನೆಟ್ಟಗೆ ಹಿಡಿದಳು.

ಗಂಗಕ್ಕ ಮೊದಲು ಎರಡೂ ಅಂಗೈ ಎತ್ತಿ ತೋರಿಸಿದಳು: ನಿಲ್ಲು. ನಾನೂ ಕಿವುಡಿ. ನಿನ್ನ ಹಾಗೇ.

ಮಾರಿಯಮ್ಮ ನಿಂತಳು. ಅವಳೊಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಹೇಳಿದಳು, ಸನ್ನೆಗಳು ಒಂದರ ಮೇಲೊಂದು ಬಿದ್ದವು: "ಆಸ್ಪತ್ರೆ. ಟೀವಿ ಹೆಂಗಸು. ಹೇಳಿದಳು. ಮನೆ. ಮಗು. ಸಾವು."

"ಅಲ್ಲ. ಅವಳು ತಪ್ಪು. ಅವಳು ಕೇಳಬೇಕಿತ್ತು. ನೋಡು, ನಾನು ಕೇಳ್ತೀನಿ."

ಗಂಗಕ್ಕ ತಲೆಯನ್ನು ಮುಂದಕ್ಕೆ ಚಾಚಿದಳು. ಅದೇ ಗಳಿಗೆಯಲ್ಲಿ ಅವಳ ಹುಬ್ಬುಗಳೆರಡೂ ಮೇಲೇರಿದವು, ಕಣ್ಣು ಅಗಲವಾದವು, ಹಣೆಯ ತುಂಬ ಗೆರೆ ಎದ್ದವು. ಮನೆ, ಮಗು, ಸಾವು. ಮೂರು ಸನ್ನೆ ಮುಗಿಯುವವರೆಗೂ ಹುಬ್ಬು ಇಳಿಯಲಿಲ್ಲ. ಮುಗಿದ ಮೇಲೂ ಅವಳು ಹಾಗೇ ಕಾದಳು.

ಮಾರಿಯಮ್ಮನ ಬಾಯಿ ತೆರೆದುಕೊಂಡಿತು. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಇಲ್ಲ. ಯಾರೂ ಸತ್ತಿಲ್ಲ. ಇದೇ ಮೊದಲನೆಯದು. ಆಮೇಲೆ ನೆಲದ ಮೇಲೆ ಕುಸಿದು ಕೂತು, ದನಿ ಹೊರಡಿಸಿ ಅತ್ತಳು. ಆರುಮುಗಂನ ಶರ್ಟು ಹಿಡಿದಿದ್ದವರು ಕೈಬಿಟ್ಟರು.

"ಬೇಗ. ಅವನ ಜೊತೆ ಹೋಗು. ಸೂಜಿ ಚುಚ್ಚಿ ನೀರು ಕೊಡ್ತಾರೆ. ಮಗು ಬದುಕುತ್ತೆ," ಎಂದು ಗಂಗಕ್ಕ ಹೇಳುತ್ತಲೇ ಇದ್ದಳು. ಬದುಕುತ್ತದೋ ಇಲ್ಲವೋ ಅವಳಿಗೇನು ಗೊತ್ತು? ಆದರೂ ಹೇಳಿದಳು.

ಪಕ್ಕದಲ್ಲಿ ಫೋನು ಹಿಡಿದಿದ್ದ ರತ್ನ ಅಕ್ಕನ ಹಣೆಯಿಂದ ಕಣ್ಣು ಕೀಳಲಿಲ್ಲ. ತಲೆ ಮುಂದೆ ಹೋದಾಗಲೇ ಹುಬ್ಬು ಏರಿತ್ತು. ತನ್ನ ಬೊಂಬೆಯದ್ದು ತಲೆ ನೆಟ್ಟಗಿದ್ದಾಗ ಚೆನ್ನಾಗಿ ಏರುತ್ತಿತ್ತು, ಅವಳೇ ಹತ್ತಾರು ಸಲ ಎಳೆದು ನೋಡಿದ್ದಳು. ತಲೆ ಚಾಚಿದಾಗ ಒಮ್ಮೆಯೂ ನೋಡಿರಲಿಲ್ಲ.

ಆರುಮುಗಂ ಆಟೋ ಹಿಡಿದು ತಾಯಿ ಮಗುವನ್ನು ಹತ್ತಿರದ ಆಸ್ಪತ್ರೆಗೇ ಸೇರಿಸಿದ. ಅಕ್ಕತಂಗಿಯರು ಅಲ್ಲಿಗೆ ತಲುಪುವ ಹೊತ್ತಿಗೆ ನರ ಸಿಗದೆ ಮೂರು ಕಡೆ ಚುಚ್ಚಿ ನಾಲ್ಕನೆಯದಕ್ಕೆ ಡ್ರಿಪ್ ಹತ್ತಿತ್ತು. ಮಗು ಅಳುತ್ತಿರಲಿಲ್ಲ. ಡಾಕ್ಟರು ರತ್ನ, ಗಂಗಕ್ಕ ಇಬ್ಬರ ಮೂಲಕ ಎಲ್ಲ ಕೇಳಿ ಬರೆದುಕೊಂಡರು: ಎಷ್ಟು ಸಲ ಭೇದಿ, ಉಚ್ಚೆ ಹೊಯ್ದದ್ದು ಯಾವಾಗ, ಹಾಲು ಕುಡಿಯಿತೇ. ಆಮೇಲೆ ರತ್ನಳನ್ನು ಕಾರಿಡಾರಿಗೆ ಕರೆದು, "ಈಗ್ಲೇ ಏನೂ ಏಳಕ್ಕಾಗಲ್ಲ. ಇಷ್ಟೊತ್ತು ಸುಮ್ನೆ ಕಳ್ದೋಗಿದೆ," ಎಂದರು. ಯಾರಿಂದ ಕಳೆದುಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ರತ್ನ ಹೇಳಲೂ ಇಲ್ಲ.

ಅಲ್ಲಿ ನಿಲ್ಲಲಾರದೆ ಅವಳು ಆಫೀಸಿಗೆ ಬಂದಳು. ಮಂಗಮ್ಮನಿಗೆ ಫೋನು ಮಾಡಿ ಟ್ಯಾಬ್ಲೆಟ್ ಆಫ್ ಮಾಡಿಸಿದಳು. ಆಮೇಲೆ ಫೈಲು ತೆರೆದಳು.

ತಪ್ಪು ಸಿಗಲು ಐದು ನಿಮಿಷವೂ ಬೇಕಾಗಲಿಲ್ಲ. ಬೊಂಬೆಯ ಹುಬ್ಬಿನ ಮೂಳೆಯನ್ನು ಮೇಲಕ್ಕೆಳೆದಳು. ಕೀಯ ಅಂಕಿ ಒಂದಕ್ಕೆ ಏರಿತು, ಹುಬ್ಬೂ ಏರಿತು. ಹಾಗೇ ಬಿಟ್ಟು ತಲೆಯ ಮೂಳೆಯನ್ನು ಮುಂದಕ್ಕೆ ಬಗ್ಗಿಸಿದಳು. ಅಂಕಿ ಸರಸರನೆ ಇಳಿದು ಸೊನ್ನೆಗೆ ಬಂದು ನಿಂತಿತು. ಹುಬ್ಬು ಬಿದ್ದುಹೋಯಿತು.

ಡ್ರೈವರ್ ಹಾಕುವಾಗ ಮೂಳೆಯ ಸ್ಥಾನವನ್ನು ಯಾವುದರ ಲೆಕ್ಕದಲ್ಲಿ ಅಳೆಯಬೇಕೆಂದು ಬ್ಲೆಂಡರ್ ಕೇಳುತ್ತದೆ. ಯಾರೂ ಏನೂ ಆರಿಸದಿದ್ದರೆ ಅಲ್ಲಿ ವರ್ಲ್ಡ್ ಸ್ಪೇಸ್ ಎಂದೇ ಇರುತ್ತದೆ, ಎಂದರೆ ನೆಲದಿಂದ ಎಷ್ಟು ಎತ್ತರ ಎಂಬ ಲೆಕ್ಕ. ಆಗಬೇಕಿದ್ದದ್ದು ಲೋಕಲ್ ಸ್ಪೇಸ್, ಎಂದರೆ ಮೂಳೆ ತನ್ನ ಜಾಗದಿಂದ ಎಷ್ಟು ಸರಿಯಿತು ಎಂಬುದು. ರತ್ನ ಅದನ್ನು ಬದಲಿಸುವುದನ್ನು ಮರೆತಿದ್ದಳು. ಮರೆತದ್ದೊಂದೇ ಆಗಿದ್ದರೆ ಆ ಹೊತ್ತಿಗೇ ಗೊತ್ತಾಗುತ್ತಿತ್ತು, ಯಾಕೆಂದರೆ ಮೂಳೆ ಸುಮ್ಮನಿದ್ದಾಗಲೂ ಅಂಕಿ ಒಂದೂವರೆ ಮೀಟರ್ ಎಂದು ತೋರಿಸಿತ್ತು. ಅದೂ ಅವಳಿಗೆ ಈಗ ನೆನಪಾಯಿತು. ಶುಕ್ರವಾರ. ಇದೇನಪ್ಪಾ ಎಂದು ಒಂದು ಗಳಿಗೆ ತಡೆದಿದ್ದಳು. ಆಮೇಲೆ ಸೂತ್ರದಲ್ಲಿ ಆ ಒಂದೂವರೆಯನ್ನು ಕಳೆದಿದ್ದಳು. ಅಂಕಿ ಸೊನ್ನೆಗೆ ಬಂತು, ಎಳೆದರೆ ಏರಿತು, ಸರಿಹೋಯಿತೆಂದು ಮುಂದಿನ ಕೀಗೆ ಹೋಗಿದ್ದಳು. ಬಲ ಹುಬ್ಬಿಗೂ ಎರಡು ಕಣ್ಣುಗಳಿಗೂ ಅದೇ ಡ್ರೈವರನ್ನು ನಕಲು ಮಾಡಿ ಅಂಟಿಸಿದ್ದಳು. ತಲೆ ಮುಂದಕ್ಕೆ ಬಗ್ಗಿದರೆ ಅದರ ಜೊತೆ ಹುಬ್ಬಿನ ಮೂಳೆಯೂ ನೆಲದ ಕಡೆಗೆ ಇಳಿಯುತ್ತದೆ. ಡ್ರೈವರ್ ಅದನ್ನು ಹುಬ್ಬು ಇಳಿಯಿತೆಂದು ಓದುತ್ತದೆ. ಪ್ರಶ್ನೆ ಕೇಳುವಾಗಲೇ ತಲೆ ಬಗ್ಗುವುದು. ಬೇರೆ ಯಾವಾಗಲೂ ತಪ್ಪದ ಮುಖ ಪ್ರಶ್ನೆ ಕೇಳುವಾಗ ಮಾತ್ರ ತಪ್ಪುತ್ತಿತ್ತು.

ಸಂಜೆ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಆರುಮುಗಂ ಬಂದ. ಅವಳ ಹಿಂದೆ ನಿಂತು ತೆರೆ ನೋಡಿದ.

"ನಾನು ಎಳ್ದಾಗ ಏರ್ಲಿಲ್ಲ ಅನ್ನಿಸ್ತು ರತ್ನಾ," ಎಂದ. "ಒಂದೆರಡು ಕಡೆ. ಕೈ ಸರಿಯಾಗೈತಲ್ಲ, ಮುಖದ್ದೇನು ಅಂತ ಬಿಟ್ಟೆ. ನಿಂಗೆ ಏಳ್ಬೇಕಿತ್ತು."

"ನೀನು ಏಳಿದ್ರೂ ನಾನು ಟೈಮಿಲ್ಲ ಅಂತಿದ್ದೆ," ಎಂದಳು ರತ್ನ. ಮೇಜಿನ ಮೇಲೆ ತಲೆಯಿಟ್ಟಳು. "ಆ ಮಗು ಓಗ್ಬುಟ್ರೆ, ಅಣ್ಣಾ, ನಾನು ಕೊಂದಂಗೇನೇ."

ಆರುಮುಗಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಎರಡು ದಿನ ಮಗು ಹಾಗೇ ಇತ್ತು. ಗಂಗಕ್ಕ ಅಂಗಡಿ ಮುಚ್ಚಿ ಆಸ್ಪತ್ರೆಯಲ್ಲೇ ಉಳಿದಳು. ರತ್ನ ಬೆಳಿಗ್ಗೆ ಹೋಗಿ ಇಡ್ಲಿ ಕೊಟ್ಟು, ವಾರ್ಡಿನ ಬಾಗಿಲಲ್ಲೇ ನಿಂತು ಮಗುವಿನ ಹೊಟ್ಟೆ ಏರಿಳಿಯುವುದನ್ನು ನೋಡಿ ವಾಪಸು ಬರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಮಗು ಉಚ್ಚೆ ಹೊಯ್ಯಿತು. ನರ್ಸು ಒದ್ದೆ ಬಟ್ಟೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಗಂಗಕ್ಕ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ಅವಳ ಬೆನ್ನು ಅಲುಗುತ್ತಿದ್ದದ್ದು ರತ್ನಳಿಗೆ ಬಾಗಿಲಿನಿಂದ ಕಂಡಿತು.

ಐದನೆಯ ದಿನ, ಮಗು ಎದೆಹಾಲು ಕುಡಿಯುತ್ತಿದ್ದಾಗ, ರತ್ನ ಒಳಗೆ ಹೋಗಿ ಮಾರಿಯಮ್ಮನ ಎದುರು ನಿಂತು ತಾನೇ ಸನ್ನೆಯಲ್ಲಿ ಹೇಳಿದಳು: "ಆ ಟೀವಿ ಹೆಂಗಸಿನ ಮುಖ ಮಾಡಿದ್ದು ನಾನು. ತಪ್ಪು ನನ್ನದು."

ಮಾರಿಯಮ್ಮ ಅವಳನ್ನು ದಿಟ್ಟಿಸಿದಳು. ಹುಬ್ಬುಗಳು ನಡುವಿಗೆ ಗಂಟಿಕ್ಕಿದವು. ಅವಳ ಒಂದೇ ಕೈ ಆಡಿತು.

"ರೈಲಿನಲ್ಲಿ ನಾನು ಮಗುವಿಗೆ ನೀರೂ ಕೊಡಲಿಲ್ಲ. ಹೇಗೂ ಸಾಯುತ್ತೆ, ನೀರು ಕೊಟ್ಟು ಯಾಕೆ ನರಳಿಸಲಿ ಅಂತ."

ರತ್ನ ಮಗುವಿನ ಕಡೆ ನೋಡಿದಳು.

"ಇನ್ನೊಬ್ಬಳಿಗೆ ತೋರಿಸಬೇಡ," ಎಂದು ಮಾರಿಯಮ್ಮ ಹೇಳಿ ಸೆರಗು ಸರಿಮಾಡಿಕೊಂಡು ಆಚೆ ತಿರುಗಿದಳು. ಕ್ಷಮಿಸಿದೆನೆಂದು ಹೇಳಲಿಲ್ಲ.

ಟ್ರಸ್ಟಿನವರಿಗೆ ರತ್ನ ನಡೆದದ್ದನ್ನೆಲ್ಲ ಬರೆದು ಕಳಿಸಿದಳು. ತಪ್ಪು ಎಲ್ಲಾಯಿತೆಂಬುದನ್ನೂ, ಮುಖ ಬದಲಿಸಿದ ಮೇಲೆ ಕಿವುಡರೊಬ್ಬರಿಗೂ ತೋರಿಸಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅವರು ಕೆಲಸ ನಿಲ್ಲಿಸಿದರು. ಬಂಗಾರಪೇಟೆಯ ಮಂಗಮ್ಮ ಟ್ಯಾಬ್ಲೆಟ್ಟನ್ನು ಕಪಾಟಿಗೆ ಹಾಕಿ, ಗಂಗಕ್ಕನ ಫೋನ್ ನಂಬರನ್ನು ಒಂದು ಕಾಗದದಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡಳು. ಕಿವಿ ಕೇಳದವರು ಬಂದರೆ ವೀಡಿಯೋ ಕಾಲ್; ಪ್ರಶ್ನೆಯನ್ನು ಮಂಗಮ್ಮ ಕಾಗದದಲ್ಲಿ ಬರೆದು ತೋರಿಸುವುದು, ಗಂಗಕ್ಕ ಅದನ್ನು ಸನ್ನೆಯಲ್ಲಿ ಕೇಳಿ ಉತ್ತರ ಬರೆದು ತೋರಿಸುವುದು. ಆ ತಿಂಗಳು ಮೂರು ಸಲ ಬಂತು. ಹೊಲಿಗೆ ಬಿಟ್ಟು ಗಂಗಕ್ಕ ಮೂರು ಸಲವೂ ಮಾತಾಡಿದಳು. ನಾಲ್ಕನೆಯ ಸಲ ಅವಳು ಮದುವೆಗೆಂದು ಬೇತಮಂಗಲಕ್ಕೆ ಹೋಗಿದ್ದಳು, ಸಿಗ್ನಲ್ ಇರಲಿಲ್ಲ. ಆ ತಾಯಿ ಏನೂ ಹೇಳಲಾಗದೆ ಒಂದು ಗಂಟೆ ಕೂತು, ಔಷಧಿಯ ಬಾಟಲಿಯೊಂದನ್ನು ಹಿಡಿದುಕೊಂಡು ಹೋದಳಂತೆ.

ಮಂಗಮ್ಮ ಕಳಿಸಿದ ಮೆಸೇಜಿನಿಂದ ಇದನ್ನು ತಿಳಿದ ಗಂಗಕ್ಕ ಮರುದಿನ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಬಂದಳು. ಮೆಟ್ಟಿಲು ಹತ್ತಿ, ಆರುಮುಗಂನ ಕುರ್ಚಿಯನ್ನೇ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು.

"ತೆಗಿ."

"ಯಾರಿಗೂ ತೋರಿಸಬೇಡ ಅಂದಿದ್ದಾಳೆ ಮಾರಿಯಮ್ಮ," ಎಂದಳು ರತ್ನ.

"ತಪ್ಪಿರೋದನ್ನ ತೋರಿಸಬೇಡ ಅಂದಿದ್ದು. ನಾನು ನೋಡ್ತೀನಿ. ನಾನು ಸರಿ ಅಂದಮೇಲೆ ಮಾರಿಯಮ್ಮನೂ ನೋಡ್ತಾಳೆ. ಕೇಳಿದ್ದೀನಿ. ಬರ್ತೀನಿ ಅಂದಿದ್ದಾಳೆ."

ರತ್ನ ಫೈಲು ತೆರೆದಳು. ಒಂದೊಂದೇ ಡ್ರೈವರನ್ನು ತೆಗೆದು, ವರ್ಲ್ಡ್ ಎಂದಿದ್ದಲ್ಲಿ ಲೋಕಲ್ ಮಾಡಿದಳು. ನೆಲದ ಲೆಕ್ಕದಲ್ಲಿ ಎತ್ತರ ಎಂದರೆ ಝಡ್, ಆದರೆ ಮೇಲ್ಮುಖವಾಗಿ ನಿಂತ ಮೂಳೆಯ ಸ್ವಂತ ಲೆಕ್ಕದಲ್ಲಿ ಅದು ವೈ. ಅದನ್ನೂ ಬದಲಿಸಿದಳು. ಸೂತ್ರದಲ್ಲಿದ್ದ ಒಂದೂವರೆಯನ್ನು ಅಳಿಸಿದಳು. ಎರಡು ಸೆಂಟಿಮೀಟರ್ ಎಳೆದರೆ ಒಂದಾಗುವಂತೆ, ಐವತ್ತರಿಂದ ಗುಣಿಸುವುದೊಂದನ್ನೇ ಉಳಿಸಿದಳು. ತಲೆ ಬಗ್ಗಿಸಿದಳು. ಅಂಕಿ ಕದಲಲಿಲ್ಲ.

ಈಗ ಬೇರೊಂದು ದೋಷ ಕಂಡಿತು. ಹುಬ್ಬೂ ಕಣ್ಣೂ ಒಟ್ಟಿಗೆ ಪೂರ್ತಿ ಏರಿದಾಗ ಎರಡು ಕೀಗಳೂ ಅದೇ ಚರ್ಮವನ್ನು ಮೇಲಕ್ಕೆ ತಳ್ಳಿ ರೆಪ್ಪೆಯ ಮೇಲ್ಭಾಗ ಮುದುರಿಕೊಂಡಿತು. ಮುದುರಿದ ರೆಪ್ಪೆ ಭಯಪಟ್ಟವಳಂತೆ ಕಾಣುತ್ತಿತ್ತು. ಎರಡೂ ಒಂದರಲ್ಲಿರುವಾಗ ಮುದುರಿದ್ದನ್ನಷ್ಟೇ ಸರಿಪಡಿಸುವ ಮೂರನೆಯ ಕೀಯೊಂದನ್ನು ರತ್ನ ಕೆತ್ತಿದಳು. ಅದರ ಡ್ರೈವರಿಗೆ ಹುಬ್ಬಿನ ಅಂಕಿಯನ್ನು ಕಣ್ಣಿನ ಅಂಕಿಯಿಂದ ಗುಣಿಸುವ ಸೂತ್ರ ಕೊಟ್ಟಳು. ಎರಡರಲ್ಲಿ ಯಾವುದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ, ಆಗ ತಿದ್ದುಪಡಿಯೂ ಇಲ್ಲ. ಎರಡೂ ಪೂರ್ತಿಯಾದರೆ ಅದೂ ಪೂರ್ತಿ. ಅಕ್ಕನ ಮುಖವನ್ನೇ ಮುಂದಿಟ್ಟುಕೊಂಡು ಅವಳು ರೆಪ್ಪೆಯ ಚುಕ್ಕಿಗಳನ್ನು ಎಳೆದಳು. ಹೇಳಿದಾಗಲೆಲ್ಲ ಗಂಗಕ್ಕ ಹುಬ್ಬೇರಿಸಿ ಹಾಗೇ ಹಿಡಿದು ಕೂರುತ್ತಿದ್ದಳು. ಹಣೆ ನೋಯುತ್ತಿದೆಯೆಂದು ಒಮ್ಮೆ ಮಾತ್ರ ಕೈಯಲ್ಲೇ ಗೊಣಗಿದಳು.

ಎರಡು ದಿನ ಕಳೆದು ಆರುಮುಗಂ ನಲವತ್ತು ಪ್ರಶ್ನೆಗಳ ವೀಡಿಯೋಗಳನ್ನೂ ಹೊಸದಾಗಿ ತೆಗೆದ ಮೇಲೆ ಗಂಗಕ್ಕ ಮತ್ತೆ ಬಂದಳು. ಮೊದಲನೆಯದು ಸರಿ. ಎರಡನೆಯದಕ್ಕೆ ಕೈ ಅಡ್ಡ ಮಾಡಿದಳು.

"ಹುಬ್ಬು ಬೇಗ ಇಳೀತು. ಕೊನೇ ಸನ್ನೆವರೆಗೂ ಇರಬೇಕು."

ಆರುಮುಗಂ ರತ್ನಳ ಕಡೆ ನೋಡಿದ. ಅವಳು ಅರ್ಥ ಹೇಳಿದಳು. ಅವನು ತಲೆಯಾಡಿಸಿ ಹುಬ್ಬಿನ ಮೂಳೆಯ ಗುರುತನ್ನು ಹದಿನಾಲ್ಕು ಫ್ರೇಮು ಮುಂದಕ್ಕೆ ಸರಿಸಿದ. ಮೂರನೆಯದು ಸರಿ. ನಾಲ್ಕು, ಐದು, ಆರು ಮೂರೂ ತಪ್ಪು. ಮಧ್ಯಾಹ್ನದ ಊಟದ ಹೊತ್ತಿಗೆ ಒಂಬತ್ತನ್ನು ನೋಡಿ ಐದನ್ನು ಗಂಗಕ್ಕ ತಳ್ಳಿಹಾಕಿದ್ದಳು.

"ಈ ಥರಾ ಆದ್ರೆ ಒಂದು ವಾರ ಬೇಕು," ಎಂದ ಆರುಮುಗಂ.

"ಆಗ್ಲಿ," ಎಂದಳು ರತ್ನ. ಹತ್ತನೆಯದನ್ನು ತೆರೆದು, ಅಕ್ಕನ ಕಡೆಗೆ ತಿರುಗಿ ಕಾದಳು.